ಏಳನೇ ಸಾಲಿನಲ್ಲಿ ಒಂದು ಡಯೋಡ್

ನಮ್ಮ ಸರ್ವಿಸ್ ಸೆಂಟರಿಗೆ ಟ್ರೈನಿ ಹುದ್ದೆ ಕೇಳಿ ಬರುವ ಕವರಿಂಗ್ ಲೆಟರ್‌ಗಳನ್ನು ಮೊದಲು ಓದುವವನು ನಾನು. ಬಹುತೇಕ ಎಲ್ಲವೂ ಒಂದೇ ಅಚ್ಚಿನವು. 'ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇನೆ, ಕಷ್ಟಪಟ್ಟು ದುಡಿಯುತ್ತೇನೆ, 5ಜಿ ಮತ್ತು ಫೈಬರ್‌ನಲ್ಲಿ ಒಳ್ಳೆಯ ಜ್ಞಾನವಿದೆ.' ಇದನ್ನು ಓದಿದರೆ ಈ ಹುಡುಗನ ಕೈಗೆ ಒಂದು ಬೋರ್ಡ್ ಕೊಟ್ಟರೆ ಏನು ಮಾಡ್ತಾನೆ ಅನ್ನೋದು ಗೊತ್ತಾಗುವುದಿಲ್ಲ. ನನಗೆ ಬೇಕಾಗಿರುವುದು ಅದೊಂದೇ.

ಬೆಂಚಿಗೆ ಬರುವ ಪ್ರತಿ ಮಾಡ್ಯೂಲಿಗೂ ನಾವು ಜಾಬ್ ಕಾರ್ಡ್ ಬರೆಯುತ್ತೇವೆ. ದೂರು ಏನು, ಏನೇನು ಅಳೆದೆವು, ಏನು ಸಿಕ್ಕಿತು, ಏನು ಬದಲಾಯಿಸಿದೆವು, ಲೋಡ್ ಹಾಕಿ ನೋಡಿದಾಗ ಏನಾಯಿತು. 'ಚೆಕ್ ಮಾಡಿದೆ, ಸರಿಯಾಯಿತು' ಅಂತ ಬರೆದ ಕಾರ್ಡು ಸುಮ್ನೆ ಕಾಗದ. ಅದೇ ಮಾಡ್ಯೂಲ್ ವಾಪಸ್ ಬಂದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ದಿನಾ ಇವನ್ನೇ ಓದುವ ಕಣ್ಣು ಕವರಿಂಗ್ ಲೆಟರನ್ನೂ ಹಾಗೇ ಓದುತ್ತದೆ.

ಒಮ್ಮೆ ಬಂದ ಪತ್ರದಲ್ಲಿ ಮೊದಲ ಆರು ಸಾಲು ಮಾಮೂಲಿ. ಏಳನೆಯದಕ್ಕೆ ನಾನು ನಿಂತೆ. ಕಾಲೇಜು ಲ್ಯಾಬಿನ 12 ವೋಲ್ಟ್ ಪವರ್ ಸಪ್ಲೈ ಒಂದರ ಕಥೆ ಅದು. ಲೋಡ್ ಇಲ್ಲದಾಗ ಮೀಟರ್ 12 ತೋರಿಸುತ್ತದೆ. 1 ಆಂಪಿಯರ್ ಲೋಡ್ ಹಾಕಿದರೆ ವೋಲ್ಟೇಜ್ ಬಿದ್ದುಹೋಗುತ್ತದೆ. ಹುಡುಗಿ ಹೀಗೆ ಬರೆದಿದ್ದಳು: 'ರೆಗ್ಯುಲೇಟರ್ 7812 ಹೋಗಿದೆ ಅಂದುಕೊಂಡು ಬದಲಾಯಿಸಿದೆ. ದೋಷ ಹಾಗೇ ಇತ್ತು. ಆಮೇಲೆ ಫಿಲ್ಟರ್ ಕೆಪಾಸಿಟರ್ ಮೇಲೆ ಆಸಿಲೋಸ್ಕೋಪ್ ಇಟ್ಟೆ. ಅಲೆ 100 ಹರ್ಟ್ಸ್ ಇರಬೇಕಿತ್ತು, 50 ಇತ್ತು. ಬ್ರಿಡ್ಜಿನ ಒಂದು ಡಯೋಡಿನ ಕಾಲಿಗೆ ಡ್ರೈ ಸೋಲ್ಡರ್ ಆಗಿತ್ತು. ಮತ್ತೆ ಬೆಸೆದೆ. 1 ಆಂಪಿಯರ್ ಲೋಡಿನಲ್ಲಿ ಅರ್ಧ ಗಂಟೆ ಇಟ್ಟೆ, 12 ನಿಂತಿತು.'

ನೋಡಿ, ಇಲ್ಲಿ ಎಷ್ಟು ವಿಷಯ ಇದೆ. 50 ಹರ್ಟ್ಸ್ ಕರೆಂಟನ್ನು ನಾಲ್ಕು ಡಯೋಡಿನ ಬ್ರಿಡ್ಜ್ ಒಂದೇ ದಿಕ್ಕಿಗೆ ತಿರುಗಿಸಿದಾಗ ಅಲೆ 100 ಹರ್ಟ್ಸ್ ಆಗುತ್ತದೆ, ಏಕೆಂದರೆ ಎರಡೂ ಅರ್ಧಗಳು ಬಳಕೆಯಾಗುತ್ತವೆ. ಒಂದು ಡಯೋಡ್ ಬಿಟ್ಟುಕೊಂಡರೆ ಒಂದು ಅರ್ಧ ಕಾಣೆ. ಕೆಪಾಸಿಟರ್ ಎರಡು ಪಟ್ಟು ಹೊತ್ತು ಒಬ್ಬನೇ ಲೋಡ್ ಹೊರಬೇಕು. ಅಷ್ಟರಲ್ಲಿ ಅದರ ವೋಲ್ಟೇಜ್ ಇಳಿಯುತ್ತದೆ. 7812ಗೆ 12 ಕೊಡಲು ಇನ್‌ಪುಟ್‌ನಲ್ಲಿ ಸುಮಾರು 14 ಬೇಕು, ಅದು ಸಿಗುವುದಿಲ್ಲ. ಲೋಡ್ ಇಲ್ಲದಾಗ ಕೆಪಾಸಿಟರ್ ಖಾಲಿಯಾಗುವುದೇ ಇಲ್ಲ, ಹಾಗಾಗಿ ಮೀಟರಿಗೆ ಎಲ್ಲಾ ಸರಿ. ನಮ್ಮ ಬೆಂಚಿಗೆ ಬರುವ 48 ವೋಲ್ಟಿನ ರೆಕ್ಟಿಫೈಯರ್ ಮಾಡ್ಯೂಲುಗಳ ಒಳಗಿನ ಸರ್ಕ್ಯೂಟ್ ಇದಕ್ಕಿಂತ ಜಾಸ್ತಿ ಗೋಜಲು. ಆದರೂ ಲೋಡ್ ಇಲ್ಲದೆ ಅಳೆದು 'ಚೆನ್ನಾಗಿದೆ' ಅಂತ ವಾಪಸ್ ಕಳಿಸುವ ತಪ್ಪು ಅಲ್ಲೂ ಅದೇ.

ಅದೇ ವಾರ ಇನ್ನೊಂದು ಪತ್ರದಲ್ಲಿ 'ಆಪ್ಟಿಕಲ್ ಪವರ್ ಮೀಟರ್ ಬಳಕೆಯಲ್ಲಿ ಪರಿಣತಿ' ಅಂತ ಇತ್ತು. ಕರೆದು ಕೇಳಿದೆ: ಒಂದು ಫೈಬರ್ ಮೈನಸ್ 18 ಡಿಬಿಎಂ, ಇನ್ನೊಂದು ಮೈನಸ್ 25. ಯಾವುದರಲ್ಲಿ ಬೆಳಕು ಜಾಸ್ತಿ? '25 ಸಾರ್' ಅಂದ. ಉತ್ತರ 18. ಏಳು ಡಿಬಿ ಕಡಿಮೆ ಅಂದರೆ ಬೆಳಕು ಐದರಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ, ಟ್ರೈನಿ ಅಲ್ವಾ? ಪರಿಣತಿ ಅಂತ ಬರೆದದ್ದು ತೊಂದರೆ. ಲ್ಯಾಬಿನಲ್ಲಿ ಎರಡು ಸಲ ಅಳೆದಿದ್ದರೆ 'ಎರಡು ಸಲ ಅಳೆದಿದ್ದೇನೆ' ಅಂತಲೇ ಬರೆಯಿರಿ. ಆ ಹುಡುಗಿಯ ಪತ್ರದಲ್ಲಿ ಇಂಥ ಸಾಲೂ ಇತ್ತು: 'ಸಣ್ಣ ಎಸ್‌ಎಂಡಿ ರೆಸಿಸ್ಟರ್‌ಗಳನ್ನು ಕೈಯಲ್ಲಿ ಬೆಸೆದಿದ್ದೇನೆ. ಬಿಜಿಎ ಚಿಪ್ ತೆಗೆಯುವುದನ್ನು ನೋಡಿದ್ದೇನೆ, ಮಾಡಿಲ್ಲ.' ಇದರಿಂದ ಮೊದಲ ತಿಂಗಳು ಅವಳನ್ನು ಯಾವ ಬೆಂಚಿನಲ್ಲಿ ಕೂರಿಸಬೇಕು ಅನ್ನೋದು ನನಗೆ ಓದುವಾಗಲೇ ತಿಳಿಯಿತು.

ಉಳಿದದ್ದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಜಾಹೀರಾತಿನಲ್ಲಿ ಸಂಖ್ಯೆ ಇದ್ದರೆ ಅದೂ ಇರಲಿ. ಅಂಕಗಳು ಬಯೋಡೇಟಾದಲ್ಲಿ ಇರುತ್ತವೆ, ಇಲ್ಲಿ ಮತ್ತೆ ಬೇಡ. ಶಿಫ್ಟಿಗೆ ಒಪ್ಪಿಗೆ ಇದೆಯೇ, ಯಾವ ದಿನದಿಂದ ಬರಬಹುದು, ಇವೆರಡನ್ನು ಕೊನೆಯಲ್ಲಿ ಹೇಳಿ. ಒಂದು ಪುಟ ದಾಟಬಾರದು.

ಸಂದರ್ಶನದಲ್ಲಿ ಅವಳನ್ನು ಕೇಳಿದೆ, '7812 ಸುಮ್ನೆ ಬದಲಾಯಿಸಿದ್ದನ್ನು ಯಾಕಮ್ಮ ಬರೆದೆ? ಬಿಟ್ಟಿದ್ದರೆ ಇನ್ನೂ ಚೆನ್ನಾಗಿ ಕಾಣ್ತಿತ್ತಲ್ಲ?'

'ಅದನ್ನ ಬಿಟ್ಟರೆ ಸ್ಕೋಪ್ ಯಾಕೆ ತಗೊಂಡೆ ಅಂತ ನಿಮಗೆ ಗೊತ್ತಾಗ್ತಿರಲಿಲ್ಲ ಸಾರ್' ಅಂದಳು.