ಸಾಸೇಜ್ ಅಂದರೆ ಏನು? ಯಾವುದನ್ನು ಬೇಯಿಸಲೇಬೇಕು?

ಕೊಚ್ಚಿದ ಮಾಂಸ, ಕೊಬ್ಬು, ಉಪ್ಪು, ಮಸಾಲೆ. ಇಷ್ಟನ್ನು ಕಲಸಿ ತೆಳುವಾದ ಕೊಳವೆಯೊಳಗೆ ತುಂಬಿದರೆ ಸಾಸೇಜ್. ಆ ಕೊಳವೆಯ ಹೆಸರು ಕೇಸಿಂಗ್.

ಹಂದಿಮಾಂಸದ ಸಾದಾ ಸಾಸೇಜನ್ನೇ ತಗೊಳ್ಳೋಣ. ಒಂದು ಕೆಜಿ ಮಿಶ್ರಣದಲ್ಲಿ ಸುಮಾರು 700 ಗ್ರಾಂ ಭುಜದ ಮಾಂಸ, 300 ಗ್ರಾಂ ಕೊಬ್ಬು, 16ರಿಂದ 18 ಗ್ರಾಂ ಉಪ್ಪು ಇರುತ್ತದೆ. ಕೊಬ್ಬು ಕಮ್ಮಿ ಮಾಡಿದರೆ ಸಾಸೇಜ್ ಒಣಗಿ ಪುಡಿಪುಡಿಯಾಗುತ್ತದೆ. ಉಪ್ಪಿನ ಕೆಲಸ ಬರೀ ರುಚಿಯಲ್ಲ. ಅದು ಮಾಂಸದೊಳಗಿನ ಪ್ರೋಟೀನನ್ನು ಹೊರಗೆಳೆದು ಅಂಟಿನಂತೆ ಮಾಡುತ್ತದೆ. ಚೆನ್ನಾಗಿ ನಾದಿದ ಮೇಲೆ ಒಂದು ಮುಷ್ಟಿ ಮಿಶ್ರಣವನ್ನು ಅಂಗೈಗೆ ಒತ್ತಿ ಕೈ ತಿರುಗಿಸಿ ನೋಡಬೇಕು. ಬೀಳದೆ ಅಂಟಿಕೊಂಡಿದ್ದರೆ ನಾದಿದ್ದು ಸಾಕು.

ಇಷ್ಟೆಲ್ಲ ಆಗುವಾಗ ಮಾಂಸ ತಣ್ಣಗೇ ಇರಬೇಕು. ಬಿಸಿಯಾದರೆ ಕೊಬ್ಬು ಕರಗಿ ಮಾಂಸಕ್ಕೆ ಬಳಿದುಕೊಳ್ಳುತ್ತದೆ. ಆಮೇಲೆ ಬೇಯಿಸಿದಾಗ ಕೊಬ್ಬೆಲ್ಲ ಬಾಣಲೆಗೆ ಇಳಿದು, ಒಳಗೆ ತರಿತರಿಯಾದ ಒಣ ಮಾಂಸ ಉಳಿಯುತ್ತದೆ. ಅದಕ್ಕೇ ಅನುಭವ ಇರುವವರು ಮಾಂಸದ ಜೊತೆ ಕೊಚ್ಚುವ ಯಂತ್ರದ ಬ್ಲೇಡನ್ನೂ ಫ್ರಿಜ್ಜಲ್ಲಿ ಇಟ್ಟು ತಂಪು ಮಾಡಿಕೊಳ್ಳುತ್ತಾರೆ.

ಹಳೆಯ ಕಾಲದ ಕೇಸಿಂಗ್ ಅಂದರೆ ಪ್ರಾಣಿಯ ಕರುಳು. ಆದರೆ ಇಡೀ ಕರುಳಲ್ಲ. ಒಳಗಿನ ಲೋಳೆ ಪದರ, ಹೊರಗಿನ ಸ್ನಾಯು ಎಲ್ಲವನ್ನೂ ಕೆರೆದು ತೆಗೆದಾಗ ನಡುವೆ ಉಳಿಯುವ ತೆಳುವಾದ, ಗಟ್ಟಿ ಪದರ ಅದು. ಉಪ್ಪಲ್ಲಿ ಹಾಕಿಟ್ಟಿರುತ್ತಾರೆ. ಬಳಸುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒಳಗೂ ನೀರು ಹರಿಸಿ ತೊಳೆಯಬೇಕು. ಕುರಿಯದ್ದು ಸಣ್ಣಗಿರುತ್ತದೆ, ಹಂದಿಯದ್ದು ದಪ್ಪ, ದನದ್ದು ಇನ್ನೂ ದಪ್ಪ. ಈಗ ದನದ ಚರ್ಮದಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನಿನಿಂದ ಮಾಡಿದ, ತಿನ್ನಬಹುದಾದ ಕೇಸಿಂಗ್ ಕೂಡ ಬಂದಿದೆ. ಸಸ್ಯದ ನಾರಾದ ಸೆಲ್ಯುಲೋಸ್‌ನದ್ದು ಮಾತ್ರ ತಿನ್ನಲು ಅಲ್ಲ. ಸಿಪ್ಪೆಯಿಲ್ಲದ ಹಾಟ್ ಡಾಗ್ ಸಾಸೇಜನ್ನು ಅದರಲ್ಲೇ ತುಂಬಿ ಬೇಯಿಸಿ, ಕಾರ್ಖಾನೆಯಲ್ಲೇ ಸುಲಿದು ಪ್ಯಾಕ್ ಮಾಡುತ್ತಾರೆ.

ಕರುಳಿನ ಕೇಸಿಂಗ್ ಉಸಿರಾಡುತ್ತದೆ ಅನ್ನಬಹುದು. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಹೊಗೆ ಒಳಗೆ ಬರುತ್ತದೆ. ಒಣಗುತ್ತಾ ಮಾಂಸ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ. ತೀರಾ ಬಿಗಿಯಾಗಿ ತುಂಬಿದರೆ ಬಾಣಲೆಯಲ್ಲಿ ಒಡೆಯುತ್ತದೆ. ತುಂಬುವಾಗ ಗಾಳಿ ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ ಬಿಡುತ್ತಾರೆ.

ಇನ್ನು ತಾಜಾ, ಹೊಗೆ ಹಾಕಿದ್ದು, ಬೇಯಿಸಿದ್ದು. ಇವುಗಳ ಗುರುತು ಬಣ್ಣದಿಂದ ಸಿಗುವುದಿಲ್ಲ. ಅಂಗಡಿಗೆ ಬರುವ ಮುಂಚೆ ಮಾಂಸಕ್ಕೆ ಏನು ಮಾಡಿದ್ದಾರೆ ಅನ್ನುವುದೇ ಮುಖ್ಯ.

ತಾಜಾ ಸಾಸೇಜ್ ಪೂರ್ತಿ ಹಸಿ ಮಾಂಸ. ಫ್ರಿಜ್ಜಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ಇಡಬಾರದು. ಹಂದಿಮಾಂಸದ್ದಾದರೆ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಬೇಯಲೇಬೇಕು.

ಬೇಯಿಸಿದ ಸಾಸೇಜಿಗೆ ಜರ್ಮನಿಯ ಮ್ಯೂನಿಕ್‌ನ ವೈಸ್‌ವುರ್ಸ್ಟ್ ಒಳ್ಳೇ ಉದಾಹರಣೆ. ಕರುವಿನ ಮಾಂಸದ್ದು, ಬಿಸಿ ನೀರಲ್ಲಿ ಬೆಂದದ್ದು. ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಅನ್ನುವ ಲವಣ ಇದರಲ್ಲಿ ಇಲ್ಲದ ಕಾರಣ ಗುಲಾಬಿ ಬಣ್ಣ ಬರದೆ ಬೆಳ್ಳಗೇ ಇರುತ್ತದೆ. ಫ್ರಾಂಕ್‌ಫರ್ಟರ್ ಅನ್ನುವ ಇನ್ನೊಂದು ಸಾಸೇಜ್ ಹೊಗೆಯನ್ನೂ ಕಂಡಿರುತ್ತದೆ. ಇಂಥವನ್ನು ಮನೆಯಲ್ಲಿ ಬಿಸಿ ಮಾಡುವಾಗ ನೀರು ಕುದಿಯಬಾರದು. ಕುದಿದರೆ ಕೇಸಿಂಗ್ ಸೀಳುತ್ತದೆ.

ಜನ ಎಡವುವುದು ಹೊಗೆ ಹಾಕಿದ್ದರ ವಿಷಯದಲ್ಲಿ. ಹೊಗೆ ಹಾಕಿದ್ದೆಲ್ಲ ಬೆಂದಿರುವುದಿಲ್ಲ! ಬಿಸಿ ಹೊಗೆ ಮಾಂಸವನ್ನು ಬೇಯಿಸುತ್ತದೆ. ತಣ್ಣನೆ ಹೊಗೆ ಸುಮಾರು 30 ಡಿಗ್ರಿಯೊಳಗೇ ಇರುತ್ತದೆ. ಅದು ಪರಿಮಳ ಕೊಡುತ್ತದೆ, ಮೇಲ್ಭಾಗ ಒಣಗಿಸುತ್ತದೆ, ಅಷ್ಟೇ. ಒಳಗಿನದು ಹಸಿಯಾಗೇ ಇರುತ್ತದೆ. ಮೇಲಾಗಿ, ಬೆಚ್ಚಗಿನ ಹೊಗೆಮನೆಯಲ್ಲಿ, ಗಾಳಿ ಸಿಗದ ಮಾಂಸದ ಒಳಭಾಗದಲ್ಲಿ ಬಾಟ್ಯುಲಿಸಂ ಅನ್ನುವ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದನ್ನು ತಡೆಯಲೆಂದೇ ನೈಟ್ರೈಟ್ ಬೆರೆಸಿದ ಉಪ್ಪನ್ನು ತೂಕ ಮಾಡಿ ಹಾಕುತ್ತಾರೆ. ಇದನ್ನು ಕೈ ಅಂದಾಜಿನಲ್ಲಿ ಹಾಕುವಂತಿಲ್ಲ, ಜಾಸ್ತಿಯಾದರೆ ಅದೇ ವಿಷ.

ನಮ್ಮ ಪಕ್ಕದ ಗೋವಾದ ಚೋರಿಸ್ ಅನ್ನುವ ಸಾಸೇಜ್ ನೋಡಿ. ಹಂದಿಮಾಂಸವನ್ನು ಸಣ್ಣ ತುಂಡು ಮಾಡಿ, ಉಪ್ಪು ಹಾಕಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮಸಾಲೆಯನ್ನು ವಿನೆಗರ್ ಜೊತೆ ಅರೆದು ಬೆರೆಸುತ್ತಾರೆ. ಕರುಳಿಗೆ ತುಂಬಿ, ಮಣಿಸರದಂತೆ ದಾರ ಕಟ್ಟಿ, ಬಿಸಿಲಿಗೋ ಹೊಗೆಗೋ ತೂಗುಹಾಕುತ್ತಾರೆ. ಉಪ್ಪು, ಹುಳಿ, ಒಣಗುವಿಕೆ ಮೂರೂ ಸೇರಿ ಅದನ್ನು ಕಾಯುತ್ತವೆ. ಆದರೂ ಅದು ಬೆಂದಿಲ್ಲ. ಕೇಸಿಂಗ್ ಸೀಳಿ ತೆಗೆದು, ಮಾಂಸವನ್ನು ಸ್ವಲ್ಪ ನೀರು, ಈರುಳ್ಳಿ, ಆಲೂಗಡ್ಡೆ ಜೊತೆ ಚೆನ್ನಾಗಿ ಬೇಯಿಸಿ. ಬೇರೆ ಎಣ್ಣೆ ಬೇಡ, ಅದರದೇ ಕೊಬ್ಬು ಸಾಕಾಗುತ್ತದೆ. ಉಪ್ಪನ್ನು ಮಾತ್ರ ಕೊನೆಗೆ ರುಚಿ ನೋಡಿಯೇ ಹಾಕಿ.