ಒಂದೇ ಪುಸ್ತಕದಲ್ಲಿ ಎರಡು ಐವತ್ತೈದು

ಬೀಜ ಪರೀಕ್ಷೆಯ ಕೆಲಸದಲ್ಲಿರುವ ನನಗೆ ಕೈತೋಟದ ಗೆಳತಿಯೊಬ್ಬರು ಕೆಲವು ತಿಂಗಳ ಹಿಂದೆ ತಮ್ಮ ಬೀಜದ ಪುಸ್ತಕವನ್ನು ತಂದು ತೋರಿಸಿದರು. ಬೆಂಡೆಯ ಪುಟದಲ್ಲಿ ಮೂರು ಮೊಳಕೆ ಪರೀಕ್ಷೆಗಳ ಫಲಿತಾಂಶವಿತ್ತು. 2023ರ ಮಾರ್ಚ್‌ನಲ್ಲಿ, ಅಂದರೆ ಬೀಜ ಕೊಯ್ದ ಮರುತಿಂಗಳು, 20ರಲ್ಲಿ 11 ಮೊಳೆತಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ 16 ಮೊಳೆತಿದ್ದವು. 2024ರ ನವೆಂಬರ್‌ನಲ್ಲಿ ಮತ್ತೆ 11. ಹಳತಾದಂತೆ ಬೀಜ ಮೊದಲು ಚೇತರಿಸಿಕೊಂಡು ಆಮೇಲೆ ಸೊರಗಿದ್ದು ಹೇಗೆ, ಶೇ. 55 ಎಂದು ಎರಡು ಸಲ ಬರೆದಿರುವ ಈ ಬೀಜವನ್ನು ಇಟ್ಟುಕೊಳ್ಳಬೇಕೋ ಬಿಸಾಡಬೇಕೋ ಎಂಬುದು ಅವರ ಪ್ರಶ್ನೆಯಾಗಿತ್ತು.

ಉತ್ತರದ ಸುಳಿವು ಮಾರ್ಚ್‌ನ ಪರೀಕ್ಷೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿದ್ದ ಒಂದು ಸಾಲಿನಲ್ಲಿತ್ತು: "ಉಳಿದವು ಕಲ್ಲಿನಂತೆ ಇದ್ದವು, ಎಸೆದೆ." ನವೆಂಬರ್‌ನ ಪರೀಕ್ಷೆಯನ್ನು ಇಬ್ಬರೂ ಕೂಡಿಯೇ ಮಾಡಿದ್ದರಿಂದ ಆಗ ಉಳಿದ ಬೀಜಗಳ ಸ್ಥಿತಿ ನನ್ನ ಕಣ್ಣಿಗೇ ಬಿದ್ದಿತ್ತು. ಹನ್ನೊಂದು ಸರಿಯಾಗಿ ಮೊಳೆತಿದ್ದವು, ಎರಡರಲ್ಲಿ ಬೇರು ಮೊಂಡಾಗಿ ಅಲ್ಲೇ ನಿಂತಿತ್ತು, ಆರು ಒತ್ತಿದರೆ ಕೊಳೆತ ತಿರುಳನ್ನು ಹೊರಗೆ ಬಿಡುತ್ತಿದ್ದವು, ಒಂದು ಮಾತ್ರ ಗಟ್ಟಿಯಾಗಿ ಹಾಗೇ ಇತ್ತು. ಎರಡೂ ಸಲ ಮೊಳೆತ ಬೀಜಗಳ ಸಂಖ್ಯೆ ಒಂದೇ ಆಗಿದ್ದರೂ ಮಾರ್ಚ್‌ನಲ್ಲಿ ಮೊಳೆಯದೆ ಉಳಿದವುಗಳಲ್ಲಿ ಬಹುಪಾಲು ಜೀವಂತವಾಗಿದ್ದವು, ನವೆಂಬರ್‌ನಲ್ಲಿ ಬಹುಪಾಲು ಸತ್ತಿದ್ದವು. ಮೊಳೆಯದ ಬೀಜಗಳ ಬಗ್ಗೆ ಒಂದು ಅಂಕಣವಿಲ್ಲದ ದಾಖಲೆ ಈ ವ್ಯತ್ಯಾಸವನ್ನು ಎಂದೂ ತೋರಿಸಲಾರದು.

ಚೆನ್ನಾಗಿ ಒಣಗಿಸಿದ ಬೆಂಡೆ ಬೀಜದಲ್ಲಿ ಒಂದಷ್ಟು ಪಾಲು ಗಟ್ಟಿ ಬೀಜವಾಗುವುದು ಸಾಮಾನ್ಯ. ಅವುಗಳ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಒದ್ದೆ ಕಾಗದದಲ್ಲಿ ಎರಡು ವಾರ ಮಲಗಿದ್ದರೂ ಅವು ಉಬ್ಬುವುದೇ ಇಲ್ಲ. ದಿನ ಕಳೆದಂತೆ, ಬಿಸಿಲು ತಂಪು ಮತ್ತು ತೇವದ ಏರಿಳಿತಕ್ಕೆ ಸಿಕ್ಕಿ ಸಿಪ್ಪೆ ಸಡಿಲವಾದಾಗ ಅದೇ ಬೀಜ ಮೊಳೆಯುತ್ತದೆ. ಅಕ್ಟೋಬರ್‌ನಲ್ಲಿ ಸಂಖ್ಯೆ ಹದಿನಾರಕ್ಕೆ ಏರಿದ್ದನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು. ಗಟ್ಟಿ ಬೀಜ ಹೌದೋ ಅಲ್ಲವೋ ಎಂದು ತಿಳಿಯಲು ಪರೀಕ್ಷೆಯ ಕೊನೆಯ ದಿನ ಉಬ್ಬದ ಬೀಜಗಳನ್ನು ಬೇರೆ ತೆಗೆದು, ಬೀಜದ ಕಣ್ಣಿಗೆ ಎದುರಾದ ಬದಿಯಲ್ಲಿ ಉಗುರು ಕತ್ತರಿಯಿಂದ ಸಿಪ್ಪೆಯನ್ನಷ್ಟೇ ಚೂರು ಕತ್ತರಿಸಬೇಕು, ಇಲ್ಲವೇ ಮರಳು ಕಾಗದದ ಮೇಲೆ ಎರಡು ಮೂರು ಸಲ ಉಜ್ಜಬೇಕು. ಮತ್ತೆ ಒದ್ದೆ ಕಾಗದದಲ್ಲಿಟ್ಟರೆ ಜೀವವಿರುವ ಬೀಜ ಮರುದಿನವೇ ಉಬ್ಬಿ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ. ಸತ್ತದ್ದಾದರೆ ಉಬ್ಬಿ ಕೊಳೆಯುತ್ತದೆ. ಈ ಫಲಿತಾಂಶವನ್ನು ಮೊಳೆತವುಗಳ ಲೆಕ್ಕಕ್ಕೆ ಸೇರಿಸದೆ "ಗಟ್ಟಿ, ಸಿಪ್ಪೆ ಕತ್ತರಿಸಿದ ಮೇಲೆ ಇಷ್ಟು" ಎಂದು ಪ್ರತ್ಯೇಕವಾಗಿ ಬರೆಯುವುದು ಮುಖ್ಯ, ಏಕೆಂದರೆ ಸಿಪ್ಪೆ ಕತ್ತರಿಸದೆ ಹಾಗೆಯೇ ಬಿತ್ತಿದಾಗ ಮಣ್ಣಿನಲ್ಲಿ ಅವು ಬೇಗ ಮೊಳೆಯುವುದಿಲ್ಲ.

ಪರೀಕ್ಷೆಯ ವಿಧಾನ ಪ್ರತಿ ಸಲವೂ ಒಂದೇ ಆಗಿರದಿದ್ದರೆ ದಾಖಲೆಯ ಸಾಲುಗಳನ್ನು ಒಂದಕ್ಕೊಂದು ಹೋಲಿಸಲಾಗುವುದಿಲ್ಲ. ನಾನು ಅವರಿಗೆ ಹೇಳಿಕೊಟ್ಟದ್ದು ಇಷ್ಟು. ದಪ್ಪ ಟಿಶ್ಯೂ ಕಾಗದವನ್ನು ಎರಡು ಪದರ ಮಾಡಿ ನೆನೆಸಿ, ಬೆರಳಿನಿಂದ ಒತ್ತಿದರೆ ಬೆರಳ ಸುತ್ತ ನೀರು ನಿಲ್ಲದಷ್ಟು ಹಿಂಡಬೇಕು. ಬೀಜಗಳನ್ನು ಆರಿಸದೆ, ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ ಕೈಗೆ ಬಂದ ಇಪ್ಪತ್ತನ್ನು ಎಣಿಸಿ, ಒಂದಕ್ಕೊಂದು ತಾಗದಂತೆ ಹತ್ತರ ಎರಡು ಸಾಲಿನಲ್ಲಿಟ್ಟು, ಮೇಲೊಂದು ಒದ್ದೆ ಕಾಗದ ಹೊದಿಸಿ ಸಡಿಲವಾಗಿ ಸುರುಳಿ ಸುತ್ತಬೇಕು. ಸುರುಳಿಯನ್ನು ಬಾಯಿ ಬಿಗಿಯದ ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ 25ರಿಂದ 30 ಡಿಗ್ರಿಯ ಬೆಚ್ಚನೆಯ ಜಾಗದಲ್ಲಿಟ್ಟರೆ ಸಾಕು. ಪ್ರಯೋಗಾಲಯದಲ್ಲಿ ಬೆಂಡೆಗೆ ನಾಲ್ಕನೆಯ ದಿನ ಮೊದಲ ಎಣಿಕೆ, ಇಪ್ಪತ್ತೊಂದನೆಯ ದಿನ ಕೊನೆಯ ಎಣಿಕೆ. ಟೊಮೆಟೊಗೆ ಐದು ಮತ್ತು ಹದಿನಾಲ್ಕು, ಈರುಳ್ಳಿಗೆ ಆರು ಮತ್ತು ಹನ್ನೆರಡು.

ಎರಡು ಎಣಿಕೆಗಳನ್ನೂ ಬರೆಯುವಂತೆ ಒತ್ತಾಯಿಸಲು ಕಾರಣವಿದೆ. ಬೀಜ ಮುದಿಯಾಗುವಾಗ ಮೊಳಕೆಯ ಒಟ್ಟು ಸಂಖ್ಯೆ ಕುಸಿಯುವ ಮೊದಲೇ ಅದರ ವೇಗ ಕುಗ್ಗುತ್ತದೆ. ಗೆಳತಿಯ ನವೆಂಬರ್ ಪರೀಕ್ಷೆಯಲ್ಲಿ ನಾಲ್ಕನೆಯ ದಿನ ಮೂರೇ ಬೀಜಗಳು ಬೇರು ಬಿಟ್ಟಿದ್ದವು, ಉಳಿದ ಎಂಟು ಎರಡನೆಯ ವಾರದವರೆಗೆ ಒಂದೊಂದಾಗಿ ಬಂದವು. ಹಿಂದಿನ ಪರೀಕ್ಷೆಗಳಲ್ಲೂ ನಾಲ್ಕನೆಯ ದಿನದ ಎಣಿಕೆ ಇದ್ದಿದ್ದರೆ ಬೀಜ ದುರ್ಬಲವಾಗುತ್ತಿರುವುದು ಬಹುಶಃ ಒಂದು ಬೆಳೆ ಮೊದಲೇ ಕಾಣುತ್ತಿತ್ತು. ಜೊತೆಗೆ, ಬೇರಿನ ತುದಿ ಇಣುಕಿದ ಮಾತ್ರಕ್ಕೆ ಮೊಳೆತಿದೆ ಎಂದು ಎಣಿಸಬಾರದು. ಬೇರು ಉದ್ದವಾಗಿ, ಕಾಂಡ ನೇರವಾಗಿ, ಎರಡೂ ಬೀಜದಳ ಗಟ್ಟಿಮುಟ್ಟಾಗಿ ಇರುವ ಸಸಿ ಮಾತ್ರ ಎಣಿಕೆಗೆ ಬರುತ್ತದೆ. ಮೊಂಡು ಬೇರಿನ ಸಸಿ ಮಣ್ಣಿನಿಂದ ಮೇಲೆ ಬರುವುದು ಅಪರೂಪ, ಅದಕ್ಕೆ "ವಿಕಾರ" ಎಂಬ ಪ್ರತ್ಯೇಕ ಅಂಕಣ ಬೇಕು.

ಕೊಳೆತ ಬೀಜಗಳ ವಿಚಾರದಲ್ಲಿ ತುಸು ಸಂಶಯದಿಂದಲೇ ನೋಡಬೇಕು. ಸಿಪ್ಪೆಯ ಮೇಲೆ ಬೂಷ್ಟು ಬಂದಿದೆ ಎಂದ ಮಾತ್ರಕ್ಕೆ ಬೀಜ ಸತ್ತಿದೆ ಎಂದಲ್ಲ, ಬೂಷ್ಟು ಹತ್ತಿದ ಎಷ್ಟೋ ಬೀಜಗಳು ಒಳ್ಳೆಯ ಸಸಿ ಕೊಡುತ್ತವೆ. ಕಾಗದ ನೀರಿನಲ್ಲಿ ಮುಳುಗಿದಂತಿದ್ದರೆ ಒಳ್ಳೆಯ ಬೀಜವೂ ಉಸಿರು ಕಟ್ಟಿ ಕೊಳೆಯುತ್ತದೆ. ಎಲ್ಲವೂ ಒಟ್ಟಿಗೆ ಒಂದೇ ವಾರದಲ್ಲಿ ಕೊಳೆತರೆ ನಾನು ಬೀಜಕ್ಕಿಂತ ಮೊದಲು ಪರೀಕ್ಷೆಯನ್ನೇ ಶಂಕಿಸುತ್ತೇನೆ. ನವೆಂಬರ್‌ನಲ್ಲಿ ಪಕ್ಕದಲ್ಲೇ ಇನ್ನೊಂದು ಸುರುಳಿಯಲ್ಲಿ ಆ ವರ್ಷದ ಹೊಸ ಬೆಂಡೆ ಬೀಜ ಹತ್ತನ್ನು ಇಟ್ಟಿದ್ದೆವು, ಅದರಲ್ಲಿ ಒಂದೂ ಕೊಳೆತಿರಲಿಲ್ಲ. ಹಾಗಾಗಿ ತಪ್ಪು ಕಾಗದದ್ದಲ್ಲ ಎಂಬುದು ಖಚಿತವಾಯಿತು.

ಇಪ್ಪತ್ತು ಬೀಜದ ಪರೀಕ್ಷೆ ಎಷ್ಟು ನಿಖರ ಎಂಬುದನ್ನೂ ಹೇಳಿಬಿಡುತ್ತೇನೆ. 20ರಲ್ಲಿ 11 ಮೊಳೆತರೆ ಇಡೀ ಬಾಟಲಿಯ ನಿಜವಾದ ಮೊಳಕೆ ಪ್ರಮಾಣ ಸುಮಾರು ಶೇ. 32ರಿಂದ 77ರ ನಡುವೆ ಎಲ್ಲಿ ಬೇಕಾದರೂ ಇರಬಹುದು, 16 ಮೊಳೆತರೆ ಸುಮಾರು 56ರಿಂದ 94ರ ನಡುವೆ. ಈ ಎರಡು ವ್ಯಾಪ್ತಿಗಳು ಒಂದರೊಳಗೊಂದು ಹೊಕ್ಕಿವೆ, ಆದ್ದರಿಂದ ಹನ್ನೊಂದು ಮತ್ತು ಹದಿನಾರರ ಅಂತರವನ್ನೇ ನೆಚ್ಚಿ ತೀರ್ಮಾನಿಸುವುದು ಸರಿಯಲ್ಲ. ಪ್ರಯೋಗಾಲಯದಲ್ಲಿ ನಾವು 400 ಬೀಜಗಳನ್ನು ನೂರರ ನಾಲ್ಕು ಪಾಲುಗಳಾಗಿ ಪರೀಕ್ಷಿಸುವುದು ಈ ಕಾರಣಕ್ಕೇ. ಕೈತೋಟದವರು ಅಷ್ಟು ಬೀಜವನ್ನು ಪರೀಕ್ಷೆಗೆ ಕಳೆದುಕೊಳ್ಳಲಾಗದು. ಐವತ್ತು ಇದ್ದರೆ ಒಳ್ಳೆಯದು, ಇಲ್ಲವಾದರೆ ಇಪ್ಪತ್ತೇ ಸಾಕು, ಆದರೆ ಶೇಕಡಾವಾರಿನ ಬದಲು "20ಕ್ಕೆ 11" ಎಂದೇ ಬರೆಯಿರಿ. ಎಣಿಸಿದ್ದು ಎಷ್ಟು ಬೀಜ ಎಂಬುದು ಆಗ ಕಣ್ಣ ಮುಂದೆಯೇ ಇರುತ್ತದೆ.

ಇನ್ನು ಆ ಆರು ಬೀಜಗಳು ಕೊಳೆತದ್ದೇಕೆ? ಸಂಗ್ರಹಣೆಯ ಅಂಕಣದಲ್ಲಿ "ಗಾಜಿನ ಬಾಟಲಿ, ಅಡುಗೆಮನೆ" ಎಂದಷ್ಟೇ ಇತ್ತು. ಬಾಟಲಿಯ ಹೆಸರಿಗಿಂತ, ಮುಚ್ಚುವಾಗ ಬೀಜ ಎಷ್ಟು ಒಣಗಿತ್ತು, ಆಮೇಲೆ ಎಷ್ಟು ತೇವ ಹೀರಿತು ಎಂಬುದೇ ಬೀಜದ ಆಯುಸ್ಸನ್ನು ನಿರ್ಧರಿಸುತ್ತದೆ. ಬೀಜದ ತೇವಾಂಶ ಶೇ. 5ರಿಂದ 14ರ ನಡುವೆ ಇರುವಾಗ, ಪ್ರತಿ ಒಂದು ಅಂಶ ಇಳಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ, ಹಾಗೆಯೇ ಶೇಖರಣೆಯ ಉಷ್ಣಾಂಶ ಸುಮಾರು 5.6 ಡಿಗ್ರಿ ಸೆಲ್ಸಿಯಸ್ ಇಳಿದರೂ ಇಮ್ಮಡಿಯಾಗುತ್ತದೆ ಎಂಬುದು ಜೇಮ್ಸ್ ಹ್ಯಾರಿಂಗ್ಟನ್ ಕೊಟ್ಟ ಅಂದಾಜು ಸೂತ್ರ. ಅಂದಾಜೇ ಆದರೂ ಯಾವ ದಿಕ್ಕಿನಲ್ಲಿ ಯೋಚಿಸಬೇಕೆಂಬುದನ್ನು ಅದು ತೋರಿಸುತ್ತದೆ.

ತೇವಾಂಶ ಅಳೆಯುವ ಉಪಕರಣ ಮನೆಯಲ್ಲಿ ಇರುವುದಿಲ್ಲ, ಆದರೆ 0.1 ಗ್ರಾಮ್ ತೋರಿಸುವ ತಕ್ಕಡಿಯಿದ್ದರೆ ಬದಲಾವಣೆಯನ್ನು ಅಳೆಯಬಹುದು. ನನ್ನದೇ ಒಂದು ಬೆಂಡೆ ಬಾಟಲಿಯಲ್ಲಿ, ಬಿತ್ತಲು ಮುಟ್ಟದ 20 ಗ್ರಾಮ್ ಬೀಜವನ್ನು ತೆಳು ಬಟ್ಟೆಯ ಚೀಲದಲ್ಲಿ ಬೇರೆಯಾಗಿ ಕಟ್ಟಿ ಉಳಿದ ಬೀಜದ ಜೊತೆಗೇ ಇಟ್ಟಿದ್ದೆ. ಮುಚ್ಚುವಾಗ ಬೀಜದ ತೇವಾಂಶ ಶೇ. 8 ಇತ್ತು. ಮುಚ್ಚಳದ ರಬ್ಬರು ಸೀಳಿದ್ದು ಗಮನಕ್ಕೆ ಬಾರದೆ ಮಳೆಗಾಲ ಕಳೆದ ಮೇಲೆ ತೂಗಿದಾಗ 20.5 ಗ್ರಾಮ್ ಬಂತು. ಮೊದಲು 1.6 ಗ್ರಾಮ್ ಇದ್ದ ನೀರು 2.1 ಆಗಿ, ತೇವಾಂಶ ಶೇ. 10ನ್ನು ದಾಟಿತ್ತು. ಎರಡು ಅಂಶ ಏರಿದರೆ ಸೂತ್ರದ ಪ್ರಕಾರ ಆಯುಸ್ಸು ಕಾಲು ಭಾಗಕ್ಕೆ ಇಳಿಯುತ್ತದೆ. ಕಣ್ಣಿಗೆ ಮಾತ್ರ ಬೀಜ ಮೊದಲಿನಂತೆಯೇ ಕಾಣುತ್ತಿತ್ತು. ಅದನ್ನು ಸಮ ತೂಕದ ಸಿಲಿಕಾ ಜೆಲ್‌ನೊಂದಿಗೆ ಬೇರೊಂದು ಡಬ್ಬಿಯಲ್ಲಿ ಮುಚ್ಚಿಟ್ಟು, ತೂಕ ಮತ್ತೆ 20.0ಕ್ಕೆ ಇಳಿದ ಮೇಲೆ ಹೊಸ ಬಾಟಲಿಗೆ ತುಂಬಿದೆ. ಅರ್ಧ ಒಣಗಿದ ಬೀಜವನ್ನು ಬಿಗಿಯಾದ ಗಾಜಿನಲ್ಲಿ ಮುಚ್ಚುವುದಕ್ಕಿಂತ ಕಾಗದದ ಪೊಟ್ಟಣದಲ್ಲಿಡುವುದೇ ಲೇಸು ಎಂಬುದನ್ನು ಇಲ್ಲೇ ಹೇಳಬೇಕು. ಫ್ರಿಜ್‌ನಲ್ಲಿಡುವವರು ಬಾಟಲಿ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಮುಚ್ಚಳ ತೆಗೆಯಬಾರದು, ತೆಗೆದರೆ ಗಾಳಿಯ ತೇವ ತಣ್ಣನೆಯ ಬೀಜದ ಮೇಲೆ ಇಬ್ಬನಿಯಂತೆ ಕೂರುತ್ತದೆ.

ಗೆಳತಿಯ ಬಾಟಲಿ ಒಲೆಯ ಮೇಲಿನ ಕಪಾಟಿನಲ್ಲಿತ್ತು, ಅದನ್ನು ಅಡಿಗಡಿಗೆ ತೆರೆಯುತ್ತಿದ್ದರು. ಗಟ್ಟಿ ಬೀಜಗಳ ಸಿಪ್ಪೆಯನ್ನು ಸಡಿಲಿಸಿ ಅಕ್ಟೋಬರ್‌ನ ಸಂಖ್ಯೆಯನ್ನು ಏರಿಸಿದ ಬಿಸಿ ಮತ್ತು ಹಬೆಯೇ ಮುಂದಿನ ವರ್ಷ ಬೀಜಗಳನ್ನು ಮುದಿಯಾಗಿಸಿರಬೇಕು ಎಂಬುದು ನನ್ನ ಅಂದಾಜು.

ಕೊಯ್ಲಿನ ದಿನಾಂಕವಾಗಿ ಅವರು 12-2-2023 ಎಂದು ಒಂದೇ ದಿನ ಬರೆದಿದ್ದರು. ಬೆಂಡೆ ಗಿಡದಲ್ಲಿ ಕಾಯಿಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಒಣಗುತ್ತವೆ, ಒಂದೇ ದಿನ ಎಲ್ಲವನ್ನೂ ಕಿತ್ತರೆ ಮೇಲಿನ ಕಾಯಿಗಳು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಮೊದಲ ಕಾಯಿ ಕಿತ್ತ ದಿನ, ಕೊನೆಯದನ್ನು ಕಿತ್ತ ದಿನ, ಬಾಟಲಿ ಮುಚ್ಚಿದ ದಿನ ಎಂದು ಮೂರು ದಿನಾಂಕಗಳಿರಲಿ. ತಳಿಯ ಅಂಕಣಕ್ಕೆ ಹೆಸರೊಂದೇ ಸಾಲದು, ಎಷ್ಟು ಗಿಡಗಳಿಂದ ಬೀಜ ತೆಗೆದಿರಿ ಮತ್ತು ಹತ್ತಿರದಲ್ಲಿ ಬೇರೆ ಬೆಂಡೆ ತಳಿ ಹೂ ಬಿಟ್ಟಿತ್ತೇ ಎಂಬುದೂ ಬೇಕು, ಏಕೆಂದರೆ ಬೆಂಡೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದಾದರೂ ಜೇನುನೊಣಗಳು ಬೇರೆ ತಳಿಯ ಪರಾಗವನ್ನೂ ತರುತ್ತವೆ. ಹೈಬ್ರಿಡ್ ಬೀಜದಿಂದ ಬೆಳೆದ ಗಿಡದ್ದಾದರೆ ಮುಂದಿನ ಪೀಳಿಗೆ ತಾಯಿಯಂತಿರುವುದಿಲ್ಲ, ಅದನ್ನೂ ನಮೂದಿಸಬೇಕು.

ಬಿಸಾಡಬೇಕೇ ಎಂಬ ಪ್ರಶ್ನೆಗೆ ನಾವು ಗುಣಿಯ ಲೆಕ್ಕ ಹಾಕಿದೆವು. ಪ್ರತಿ ಬೀಜ ಮೊಳೆಯುವ ಸಾಧ್ಯತೆ ಶೇ. 55 ಎಂದು ಹಿಡಿದರೆ, ಗುಣಿಗೆ ಎರಡು ಬೀಜ ಹಾಕಿದಾಗ ಐದು ಗುಣಿಗಳಲ್ಲಿ ಒಂದು ಖಾಲಿ ಉಳಿಯುತ್ತದೆ, ಮೂರು ಹಾಕಿದರೆ ಹನ್ನೊಂದರಲ್ಲಿ ಒಂದು. ಬೀಜ ದುರ್ಬಲವಾಗಿದ್ದರಿಂದ ಮೂರು ಹಾಕುವುದೆಂದಾಯಿತು. ಬಾಟಲಿಯಲ್ಲಿ ಉಳಿದದ್ದನ್ನು ಇನ್ನೊಂದು ವರ್ಷಕ್ಕೆ ಇಡದೆ ಅಷ್ಟನ್ನೂ ಬಿತ್ತಿ, ಬಂದ ಗಿಡಗಳಿಂದ ಹೊಸ ಬೀಜ ತೆಗೆಯುವುದೆಂದೂ ತೀರ್ಮಾನಿಸಿದೆವು. ಅವರು ಪುಟದ ಕೆಳಗೆ ಬರೆದುಕೊಂಡದ್ದು ಹೀಗಿತ್ತು: "ನವೆಂಬರ್ 2024. 20ಕ್ಕೆ 11, ನಾಲ್ಕನೇ ದಿನ 3. ವಿಕಾರ 2, ಕೊಳೆತದ್ದು 6, ಗಟ್ಟಿ 1, ಸಿಪ್ಪೆ ಕತ್ತರಿಸಿದ ಮೇಲೆ ಮೊಳೆಯಿತು. ಗುಣಿಗೆ ಮೂರು. ಎಲ್ಲವನ್ನೂ ಬಿತ್ತುವುದು. ಬಾಟಲಿ ಮಲಗುವ ಕೋಣೆಯ ಕಪಾಟಿಗೆ."