ಮೂರನೇ ಸಾಲಿಗೆ ಮತ್ತೆ ಅದೇ ಲೆಕ್ಕ

ಹುಡುಗನೊಬ್ಬ ನೋಟ್‌ಬುಕ್ ಹಿಡಿದು ಬಂದ. ಪುಟದ ತುಂಬಾ ಡಿರೈವೇಟಿವ್. "ಸರ್, ಎಷ್ಟು ಮಾಡಿದ್ರೂ ಮುಗೀತಿಲ್ಲ" ಎಂದ. x ಅನಂತಕ್ಕೆ ಹೋದಾಗ ಇದರ ಲಿಮಿಟ್ ಬೇಕಿತ್ತು:

√(x²+1) / x

ಮೇಲೂ ಅನಂತ, ಕೆಳಗೂ ಅನಂತ. ಹಾಗಾಗಿ ಲೊಪಿಟಾಲ್ ನಿಯಮ ಹಚ್ಚಿದ್ದು ತಪ್ಪಲ್ಲ. (ನಮ್ಮ ಕ್ಲಾಸಿನಲ್ಲಿ ಅದಕ್ಕೆ 'ಹಾಸ್ಪಿಟಲ್ ರೂಲ್' ಅಂತಲೇ ಹೆಸರು.) ಮೇಲಿನದರ ಡಿರೈವೇಟಿವ್ x/√(x²+1), ಕೆಳಗಿನದರದ್ದು 1. ಸಿಕ್ಕಿದ್ದು x/√(x²+1). ಅಂದರೆ ಮೊದಲಿನ ಲೆಕ್ಕವೇ ತಲೆಕೆಳಗಾಗಿ ನಿಂತಿದೆ. ಇನ್ನೊಮ್ಮೆ ಮಾಡಿದರೆ ಮತ್ತೆ √(x²+1)/x. ಗಾಣದೆತ್ತಿನ ಹಾಗೆ ಸುತ್ತುತ್ತಾ ಇರಬಹುದು, ಅಷ್ಟೇ.

ಚುರುಕಿನ ಮಕ್ಕಳು ಇಲ್ಲೊಂದು ಉಪಾಯ ಹೂಡುತ್ತಾರೆ. ಲಿಮಿಟ್ L ಆದರೆ L = 1/L, ಆದ್ದರಿಂದ L² = 1, x ಧನ ಇರುವುದರಿಂದ L = 1. ಉತ್ತರ ಸರಿಯೇ. ಆದರೆ L ಅನ್ನುವುದೊಂದು ಇದೆ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರಲ್ವಾ? ನಾನಾದರೆ ಪೂರ್ತಿ ಅಂಕ ಕೊಡುವುದಿಲ್ಲ.

ಡಿರೈವೇಟಿವ್ ಬದಿಗಿಟ್ಟು ಬೇರಿನೊಳಗಿಂದ x² ಹೊರಗೆ ತೆಗೆಯಿರಿ. x ಧನ ಇದ್ದಾಗ √(x²+1) = x√(1+1/x²). ಕೆಳಗಿನ x ಜೊತೆ ಹೊಡೆದುಹೋಗಿ √(1+1/x²) ಉಳಿಯುತ್ತದೆ. 1/x² ಸೊನ್ನೆಗೆ ಇಳಿಯುತ್ತದೆ, ಲಿಮಿಟ್ 1. ಎರಡೇ ಸಾಲು.

ಅದೇ ಲೆಕ್ಕ ಋಣ ಅನಂತಕ್ಕೆ ಕೊಟ್ಟರೆ ಅರ್ಧ ಕ್ಲಾಸ್ ಮತ್ತೆ 1 ಎಂದೇ ಬರೆಯುತ್ತದೆ. √(x²) ಅಂದರೆ x ಅಲ್ಲ, |x|. x ಋಣ ಇದ್ದಾಗ ಅದು −x. ಹಾಗಾಗಿ ಉತ್ತರ −1. ಅನುಮಾನ ಬಂದರೆ x = −10 ಹಾಕಿ ನೋಡಿ: √101 ಅಂದರೆ ಸುಮಾರು 10.05, ಅದನ್ನು −10ರಿಂದ ಭಾಗಿಸಿದರೆ −1.005.

ಸುತ್ತುವ ಲೆಕ್ಕ ಕಣ್ಣಿಗಾದರೂ ಕಾಣುತ್ತದೆ. ನನಗೆ ಜಾಸ್ತಿ ಭಯ ಇದರದ್ದು:

(x + sin x) / x, x → ∞

ನಿಯಮ ಹಚ್ಚಿದರೆ ಸಿಗುವುದು 1 + cos x. ಅದು 0 ಮತ್ತು 2ರ ನಡುವೆ ತೂಗಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಮಕ್ಕಳು ಸುಮ್ನೆ 'ಲಿಮಿಟ್ ಇಲ್ಲ' ಎಂದು ಬರೆದು ಮುಂದೆ ಹೋಗುತ್ತಾರೆ. ನಿಯಮ ಹಾಗೆ ಹೇಳುವುದೇ ಇಲ್ಲ. ಡಿರೈವೇಟಿವ್‌ಗಳ ಅನುಪಾತಕ್ಕೆ ಲಿಮಿಟ್ ಇದ್ದರೆ ಮೂಲ ಲೆಕ್ಕಕ್ಕೂ ಅದೇ ಲಿಮಿಟ್ ಎನ್ನುತ್ತದೆ. ಇಲ್ಲದಿದ್ದರೆ ಏನು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಇಲ್ಲಿ x ನಿಂದ ಭಾಗಿಸಿದರೆ 1 + (sin x)/x. sin x ಎಷ್ಟೇ ಕುಣಿದರೂ −1 ಮತ್ತು 1 ದಾಟುವುದಿಲ್ಲ, ಕೆಳಗಿನ x ಬೆಳೆಯುತ್ತಲೇ ಇರುತ್ತದೆ. ಎರಡನೇ ಪದ ಸೊನ್ನೆಯಾಗಿ ಲಿಮಿಟ್ 1.